ವಿಶೇಷ ಉಪನ್ಯಾಸಕ್ಕೆ ಕರೆಯುವಾಗ ದುಡ್ಡಿನ ಮಾತು ಮೊದಲೇ ಇರಲಿ

‘ಸರ್, ನಮ್ಮ ಕಾಲೇಜಿಗೆ ಒಂದ್ಸಲ ಬಂದು ಮಕ್ಕಳಿಗೆ ನಾಲ್ಕು ಮಾತು ಹೇಳ್ಬೇಕು.’ ಬಹುತೇಕ ವಿಭಾಗಗಳು ಸಂಪನ್ಮೂಲ ವ್ಯಕ್ತಿಗಳನ್ನು ಕರೆಯುವುದು ಹೀಗೇ. ಈ ಮಾತಿನಲ್ಲಿ ವಿಷಯವಿಲ್ಲ, ಕೇಳುವವರು ಯಾರೆಂದಿಲ್ಲ, ಸಂಭಾವನೆಯ ಸುದ್ದಿಯಿಲ್ಲ, ಬರುವುದು ಹೇಗೆಂದೂ ಇಲ್ಲ. ಕರೆಸಿಕೊಂಡವರು ಸಂಕೋಚದಿಂದ ಏನೂ ಕೇಳುವುದಿಲ್ಲ. ಆಮೇಲೆ ಎಲ್ಲವೂ ಕಾರ್ಯಕ್ರಮದ ದಿನವೇ ಬಯಲಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಅಲ್ಲಿನ ಇತಿಹಾಸ ವಿಭಾಗ ಮೈಸೂರಿನಿಂದ ಒಬ್ಬ ಶಾಸನತಜ್ಞರನ್ನು ಕರೆಸಬೇಕೆಂದಿದೆ. ಅವರು ಅಲ್ಲಿ ಇನ್ನೊಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾರೆ. ಬಸ್ಸಿನಲ್ಲಿ ಎರಡೂವರೆ ಗಂಟೆಯ ದಾರಿ.

1. ಮೊದಲು ಕಚೇರಿ, ಆಮೇಲೆ ಫೋನು

ಒಂದು ಪುಟದ ಟಿಪ್ಪಣಿ ಬರೆದು ಪ್ರಾಂಶುಪಾಲರ ಸಹಿ ಹಾಕಿಸಿ. ಅದರಲ್ಲಿ ಖರ್ಚು ಯಾವ ಲೆಕ್ಕದಿಂದ, ಸಂಭಾವನೆ ಎಷ್ಟು, ಪ್ರಯಾಣಕ್ಕೆ ಎಷ್ಟರವರೆಗೆ ಎನ್ನುವುದು ಅಂಕಿಯಲ್ಲಿ ಇರಲೇಬೇಕು. ‘ನಿಯಮಾನುಸಾರ’ ಎಂದು ಬರೆದರೆ ಗುಮಾಸ್ತರು ಆಮೇಲೆ ‘ಯಾವ ನಿಯಮ ಸಾರ್?’ ಎಂದೇ ಕೇಳುತ್ತಾರೆ. ದಿನಾಂಕವನ್ನೂ ಈಗಲೇ ನೋಡಿಕೊಳ್ಳಿ. ಆಂತರಿಕ ಪರೀಕ್ಷೆಯ ವಾರ, ಎನ್ನೆಸ್ಸೆಸ್ ಶಿಬಿರದ ವಾರ ಮತ್ತು ಶನಿವಾರಗಳನ್ನು ಬಿಟ್ಟುಬಿಡಿ.

2. ವಿಷಯವನ್ನು ಕಿರಿದು ಮಾಡಿ

‘ಶಾಸನಗಳ ಮಹತ್ವ’ ಎಂದು ವಿಷಯ ಕೊಟ್ಟರೆ ಹಲ್ಮಿಡಿಯಿಂದ ವಿಜಯನಗರದವರೆಗೆ ಒಂದು ಗಂಟೆಯ ಓಟ ಕೇಳಬೇಕಾಗುತ್ತದೆ. ತಪ್ಪು ಅವರದಲ್ಲ, ಅಷ್ಟು ದೊಡ್ಡ ಬಯಲು ಕೊಟ್ಟವರದು. ವಿಷಯ ಒಂದು ತರಗತಿಯಲ್ಲಿ ಮುಗಿಯುವಷ್ಟೇ ಇರಲಿ. ‘ವೀರಗಲ್ಲನ್ನು ಓದುವುದು ಹೇಗೆ: ನಮ್ಮ ತಾಲ್ಲೂಕಿನ ಎರಡು ಕಲ್ಲುಗಳು’ ಎಂದರೆ ಸಾಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಸಾಮಾನ್ಯವಾಗಿ ಕಾಣುವ ಈ ಮೂರು ಹಂತಗಳನ್ನೂ ಹಂತಗಳ ನಡುವಿನ ಅಡ್ಡಪಟ್ಟಿಗಳ ಮೇಲಿನ ಅಕ್ಷರಗಳನ್ನೂ ತೋರಿಸಿ ವಿವರಿಸಲು ಮುಕ್ಕಾಲು ಗಂಟೆ ಸರಿಯಾಗುತ್ತದೆ.

ಕಲ್ಲುಗಳನ್ನು ಹುಡುಕುವ ಕೆಲಸ ವಿಭಾಗದ್ದು. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ಬಿ.ಎಲ್. ರೈಸ್ ಅವರ ಹಳೆಯ ಆವೃತ್ತಿಯಲ್ಲಿ ಹಾಸನ ಜಿಲ್ಲೆಯದು 5ನೆಯ ಸಂಪುಟ. ಅದರಿಂದ ಎರಡು ಶಾಸನಗಳ ಸಂಖ್ಯೆ ಗುರುತು ಮಾಡಿಕೊಂಡು, ಊರಿಗೆ ಹೋಗಿ ಕಲ್ಲು ಇದೆಯೇ ಎಂದು ನೋಡಿ, ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆದು ಕಳಿಸಿ. ನಡುಮಧ್ಯಾಹ್ನದ ಫೋಟೊದಲ್ಲಿ ಅಕ್ಷರ ಕಾಣುವುದಿಲ್ಲ.

3. ಕೇಳುವವರು ಯಾರು?

‘ಡಿಗ್ರಿ ಮಕ್ಕಳು’ ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. ಹೀಗೆ ಹೇಳಿ: ಅಂತಿಮ ವರ್ಷದ ಬಿ.ಎ., 60 ಮಂದಿ, ಎಲ್ಲರೂ ಕನ್ನಡ ಮಾಧ್ಯಮ. ಹೊಯ್ಸಳರ ಪಾಠ ಮುಗಿದಿದೆ, ಶಕವರ್ಷವನ್ನು ಇಸವಿಗೆ ತಿರುಗಿಸಲು ಬರುವುದಿಲ್ಲ, ಹಳಗನ್ನಡ ಲಿಪಿ ನೋಡಿಲ್ಲ. ಇಷ್ಟು ತಿಳಿದರೆ ಬರುವವರು ಲಿಪಿಯ ಒಂದು ಪುಟ ಅಚ್ಚು ಹಾಕಿಸಿ ತರುತ್ತಾರೆ. ಸಭಾಂಗಣ ತುಂಬಿ ಕಾಣಲೆಂದು ಬಿ.ಕಾಂ. ತರಗತಿಗಳನ್ನು ತಂದು ಕೂರಿಸುವ ಚಾಳಿ ಬಿಡಿ. ಹಿಂದಿನ ಐದು ಸಾಲು ಮೊಬೈಲಿನಲ್ಲಿದ್ದರೆ ಮುಂದಿನ ಐದು ಸಾಲೂ ಕೇಳುವುದಿಲ್ಲ.

4. ಸಂಭಾವನೆಯ ಮಾತು

ಎಲ್ಲರೂ ಮುಗ್ಗರಿಸುವುದು ಇಲ್ಲಿ. ದುಡ್ಡಿನ ಮಾತೆತ್ತಿದರೆ ಅವರು ಏನೆಂದುಕೊಳ್ಳುತ್ತಾರೋ ಎಂದು ಕರೆದವರು ಸುಮ್ಮನಿರುತ್ತಾರೆ. ಬರುವವರೂ ಅದೇ ಕಾರಣಕ್ಕೆ ಸುಮ್ಮನಿರುತ್ತಾರೆ. ಟ್ಯಾಕ್ಸಿ ಮಾಡಿಕೊಂಡು ಬಂದವರಿಗೆ ಕೊನೆಗೆ ಬಸ್ ಚಾರ್ಜು ತುಂಬಿದ ಕವರ್ ಸಿಗುತ್ತದೆ. ಅದನ್ನು ಅವರು ಯಾರ ಎದುರೂ ಹೇಳುವುದಿಲ್ಲ, ಮುಂದಿನ ವರ್ಷ ಕರೆದಾಗ ‘ಅವತ್ತು ಬೇರೆ ಕೆಲಸ ಇದೆ’ ಎನ್ನುತ್ತಾರೆ ಅಷ್ಟೆ.

ಹಾಗಾಗಿ ಮೊದಲ ಫೋನಿನಲ್ಲೇ, ಅವರು ‘ಬರ್ತೀನಿ’ ಎನ್ನುವ ಮೊದಲೇ, ಕರೆದವರೇ ಹೇಳಬೇಕು. ಸುತ್ತಿಬಳಸುವುದು ಬೇಡ: ‘ಮೇಡಂ, ನಮ್ಮಲ್ಲಿ ಒಂದು ಉಪನ್ಯಾಸಕ್ಕೆ ಎರಡು ಸಾವಿರ ರೂಪಾಯಿ ಸಂಭಾವನೆ ಇದೆ. ಬಸ್ ಚಾರ್ಜು ಟಿಕೆಟ್ ಪ್ರಕಾರ ಕೊಡ್ತೀವಿ, ಟ್ಯಾಕ್ಸಿಗೆ ಕೊಡೋಕೆ ನಮ್ಮಲ್ಲಿ ಅವಕಾಶ ಇಲ್ಲ. ದುಡ್ಡು ಬ್ಯಾಂಕ್ ಖಾತೆಗೆ ಬರುತ್ತೆ, ಹದಿನೈದು ದಿನ ಹಿಡಿಯಬಹುದು.’ ಮೊತ್ತ ನಿಮ್ಮ ಟಿಪ್ಪಣಿಯಲ್ಲಿ ಏನಿದೆಯೋ ಅದು. ಇಲ್ಲಿ ನಾಲ್ಕು ಸಂಗತಿಗಳಿವೆ: ಎಷ್ಟು, ಪ್ರಯಾಣಕ್ಕೆ ಯಾವ ಲೆಕ್ಕ, ಯಾವುದಕ್ಕೆ ಇಲ್ಲ, ಯಾವಾಗ ಕೈಸೇರುತ್ತದೆ. ಜನ ಬಿಟ್ಟುಬಿಡುವುದು ಮೂರನೆಯದನ್ನು, ಜಗಳ ಬರುವುದೂ ಅದರಿಂದಲೇ.

ಸಂಭಾವನೆ ಕೊಡಲು ಆಗದಿದ್ದರೆ ಅದನ್ನೂ ಇಷ್ಟೇ ನೇರವಾಗಿ ಹೇಳಿ. ‘ಸಂಭಾವನೆಗೆ ಈ ಸಲ ಹಣ ಇಲ್ಲ ಸರ್, ಪ್ರಯಾಣದ ಖರ್ಚು ಮತ್ತು ಊಟ ನಮ್ಮದು. ಒಪ್ಪಿಗೆ ಇಲ್ಲದಿದ್ದರೆ ಬೇಜಾರಿಲ್ಲದೆ ಹೇಳಿ’ ಎಂದರೆ ಅನೇಕರು ಬರುತ್ತಾರೆ. ‘ಏನೋ ಒಂದು ವ್ಯವಸ್ಥೆ ಮಾಡ್ತೀವಿ’ ಎನ್ನುವ ಮಾತು ಮಾತ್ರ ಬೇಡವೇ ಬೇಡ. ಅದನ್ನು ಕೇಳಿದವರು ಒಂದು ಮೊತ್ತ ಊಹಿಸಿಕೊಳ್ಳುತ್ತಾರೆ, ಹೇಳಿದವರ ಮನಸ್ಸಿನಲ್ಲಿ ಇನ್ನೊಂದು ಇರುತ್ತದೆ.

ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆಗಳ ಬಗ್ಗೆ ಒಂದು ಮಾತು. ಇವೆಲ್ಲದರ ಬಿಲ್ಲು ಕೂಡಿಸಿದರೆ ಎಷ್ಟೋ ಕಡೆ ಸಂಭಾವನೆಗಿಂತ ಹೆಚ್ಚಾಗುತ್ತದೆ. ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್ ಸ್ಮರಣಿಕೆ ಆರು ತಿಂಗಳಲ್ಲಿ ಬಣ್ಣ ಬಿಡುತ್ತದೆ, ಬಸ್ಸಿನಲ್ಲಿ ಹೋಗುವವರಿಗೆ ಹಣ್ಣಿನ ಬುಟ್ಟಿ ಹೊರೆ. ಒಂದು ಪುಸ್ತಕ ಕೊಡಿ, ಉಳಿದ ದುಡ್ಡನ್ನು ಪ್ರಯಾಣಕ್ಕೆ ಹಾಕಿ.

5. ಪತ್ರ

ಫೋನಿನಲ್ಲಿ ಒಪ್ಪಿದ ಮೇಲೆ ಎರಡು ದಿನದೊಳಗೆ ಪ್ರಾಂಶುಪಾಲರ ಸಹಿ ಇರುವ ಪತ್ರ ಹೋಗಬೇಕು. ಹತ್ತು ಹೆಸರು, ಎಂಟು ಪಾಸ್‌ಪೋರ್ಟ್ ಫೋಟೊ ತುಂಬಿದ ಬಣ್ಣದ ವಾಟ್ಸ್ಆ್ಯಪ್ ಕಾರ್ಡು ಪತ್ರವಲ್ಲ. ನಮ್ಮ ಶಾಸನತಜ್ಞರಂತೆ ಬರುವವರೂ ನೌಕರಿಯಲ್ಲಿದ್ದರೆ ಪತ್ರ ಅವರ ಪ್ರಾಂಶುಪಾಲರ ಮೂಲಕ ಹೋಗಬೇಕು, ಇಲ್ಲವಾದರೆ ಅವರಿಗೆ ಆ ದಿನ ಓಓಡಿ, ಅಂದರೆ ಬೇರೆಡೆ ಕರ್ತವ್ಯದ ಮೇಲಿದ್ದಾರೆಂಬ ಹಾಜರಾತಿ, ಸಿಗುವುದಿಲ್ಲ, ಸ್ವಂತ ರಜೆ ಹಾಕಿ ಬರಬೇಕಾಗುತ್ತದೆ. ಪತ್ರದ ನಡುವಿನ ಭಾಗ ಹೀಗಿರಲಿ:

‘ದಿನಾಂಕ … ಬುಧವಾರ ಬೆಳಿಗ್ಗೆ 11ರಿಂದ 12.30ರವರೆಗೆ “ವೀರಗಲ್ಲನ್ನು ಓದುವುದು ಹೇಗೆ” ಎಂಬ ವಿಷಯದ ಬಗ್ಗೆ ಅಂತಿಮ ಬಿ.ಎ. ಇತಿಹಾಸದ 60 ವಿದ್ಯಾರ್ಥಿಗಳಿಗೆ ತಾವು ಕನ್ನಡದಲ್ಲಿ ಉಪನ್ಯಾಸ ನೀಡಬೇಕೆಂದು ಕೋರುತ್ತೇವೆ. ಉಪನ್ಯಾಸಕ್ಕೆ 45 ನಿಮಿಷ, ಪ್ರಶ್ನೋತ್ತರಕ್ಕೆ 25 ನಿಮಿಷ ಇರುತ್ತದೆ. ಸಂಭಾವನೆ ರೂ. 2,000, ಬಸ್ ಪ್ರಯಾಣ ವೆಚ್ಚವನ್ನು ಟಿಕೆಟ್ ಆಧಾರದಲ್ಲಿ ಭರಿಸಲಾಗುವುದು. ಎರಡೂ ಬ್ಯಾಂಕ್ ಖಾತೆಗೆ ಜಮೆಯಾಗುತ್ತವೆ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಮೈಕ್ ನಮ್ಮಲ್ಲಿವೆ. ಬಸ್ ನಿಲ್ದಾಣದಿಂದ ಕರೆತರಲು ವಿಭಾಗದ ಒಬ್ಬರು ಬರುತ್ತಾರೆ. ಅವರ ಹೆಸರು ಮತ್ತು ಮೊಬೈಲ್ ಸಂಖ್ಯೆ ಕೆಳಗಿದೆ.’

ಪತ್ರದ ಜೊತೆಯಲ್ಲೇ ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಪಾನ್ ಸಂಖ್ಯೆ ತುಂಬುವ ನಮೂನೆ ಇಡಿ. ಹೆಸರನ್ನು ಪಾಸ್‌ಬುಕ್ಕಿನಲ್ಲಿ ಇರುವ ಹಾಗೇ ಬರೆಯಲು ಹೇಳಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಬಿಲ್ಲು ವಾಪಸ್ ಬರುವುದುಂಟು. ಬಸ್ ಟಿಕೆಟ್ ಎಸೆಯದೆ ಇಟ್ಟುಕೊಳ್ಳಲು ಹಿಂದಿನ ಸಂಜೆ ಒಂದು ಮೆಸೇಜು ಹಾಕಿ, ಯಂತ್ರದ ಟಿಕೆಟ್ಟಿನ ಮಸಿ ಬೇಗ ಮಾಸುವುದರಿಂದ ಅವರು ಇಳಿದ ಕೂಡಲೇ ಫೋಟೊ ತೆಗೆದುಕೊಳ್ಳಿ. ಹೋಗುವಾಗಿನ ಟಿಕೆಟ್ಟನ್ನು ಅವರು ಮನೆ ಸೇರಿದ ಮೇಲೆ ವಾಟ್ಸ್ಆ್ಯಪ್ ಮಾಡಿದರೆ ನಡೆಯುತ್ತದೆಯೇ ಎಂದು ಗುಮಾಸ್ತರನ್ನು ಮೊದಲೇ ಕೇಳಿ.

6. ಆ ದಿನ

ಮಧ್ಯಾಹ್ನ ಎರಡರ ಮೇಲೆ ಕಾರ್ಯಕ್ರಮ ಇಡಬೇಡಿ. ತಾಲ್ಲೂಕು ಕಾಲೇಜಿನ ಮಕ್ಕಳು ಹಳ್ಳಿಗಳಿಂದ ಪಾಸಿನಲ್ಲಿ ಬರುವವರು. ಮೂರೂವರೆಯ ಬಸ್ ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ ಎನ್ನುವಂಥ ಊರುಗಳಿವೆ. ಪ್ರಶ್ನೋತ್ತರ ಶುರುವಾಗುವ ಹೊತ್ತಿಗೆ ಬ್ಯಾಗು ಎತ್ತಿಕೊಂಡು ಹೊರಟವರನ್ನು ಬೈದು ಪ್ರಯೋಜನವಿಲ್ಲ.

ತೊಂಬತ್ತು ನಿಮಿಷದಲ್ಲಿ ಪ್ರಾರ್ಥನೆ, ಸ್ವಾಗತ, ಪರಿಚಯ, ಅಧ್ಯಕ್ಷರ ಮಾತು, ವಂದನಾರ್ಪಣೆ ಎಲ್ಲಕ್ಕೂ ಸೇರಿ ಇಪ್ಪತ್ತೇ ನಿಮಿಷ. ಪರಿಚಯ ಮಾಡುವವರಿಗೆ ನಾಲ್ಕು ಸಾಲು ಬರೆದು ಕೊಡಿ. ಬಯೋಡೇಟಾ ಇಡೀ ಓದಲು ಬಿಟ್ಟರೆ ಹತ್ತು ನಿಮಿಷ ಅಲ್ಲೇ ಹೋಗುತ್ತದೆ. ಪ್ರಾಂಶುಪಾಲರ ಅಧ್ಯಕ್ಷ ಭಾಷಣವನ್ನು ಉಪನ್ಯಾಸಕ್ಕೆ ಮೊದಲು ಇಡುವುದು ಒಳ್ಳೆಯದು. ಕೊನೆಯಲ್ಲಿಟ್ಟರೆ ಪ್ರಶ್ನೋತ್ತರದ ಸಮಯ ಅದರ ಪಾಲಾಗುತ್ತದೆ.

ಪ್ರೊಜೆಕ್ಟರನ್ನು ಹಿಂದಿನ ದಿನವೇ ಹಚ್ಚಿ ನೋಡಿ. ಕಾಲೇಜಿನ ಹಳೆಯ ಪ್ರೊಜೆಕ್ಟರಿಗೆ ವಿಜಿಎ ಕೇಬಲ್, ಬಂದವರ ಹೊಸ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ. ಈ ಒಂದು ಕಾರಣಕ್ಕೇ ಎಷ್ಟೋ ಉಪನ್ಯಾಸಗಳು ಅರ್ಧ ಗಂಟೆ ತಡವಾಗುತ್ತವೆ. ಸ್ಲೈಡುಗಳನ್ನು ಪಿಡಿಎಫ್ ಮಾಡಿ ಕಳಿಸಲು ಹೇಳಿ, ಕಾಲೇಜಿನ ಕಂಪ್ಯೂಟರಿನಲ್ಲೇ ಹಾಕಿಟ್ಟುಕೊಳ್ಳಿ. ಪವರ್‌ಪಾಯಿಂಟ್ ಕಡತವನ್ನೇ ತಂದರೆ ಬೇರೆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳು ಚೌಕಗಳಾಗಿ ಕಾಣಿಸುವ ಸಾಧ್ಯತೆ ಇದೆ. ವೀರಗಲ್ಲಿನ ಫೋಟೊ ಕಾಣಲು ಕಿಟಕಿಗಳಿಗೆ ಪರದೆ ಬೇಕು, ಇಲ್ಲದಿದ್ದರೆ ಕೋಣೆ ಬದಲಿಸಿ. ಫ್ಲೆಕ್ಸ್ ಅಚ್ಚಿಗೆ ಹೋಗುವ ಮೊದಲು ಹೆಸರಿನ ಕಾಗುಣಿತವನ್ನು ಅವರಿಗೇ ಕಳಿಸಿ ಕೇಳಿ.

7. ಊಟಕ್ಕೆ ಕೂರುವ ಮುನ್ನ

ಹಾಜರಾತಿ ಪ್ರಮಾಣಪತ್ರಕ್ಕೆ ಸಹಿ ಸೀಲು ಹಾಕಿಸಿ ಅವರ ಕೈಗೆ ಕೊಡಿ, ಓಓಡಿಗೆ ಅದೇ ಆಧಾರ. ವೋಚರಿಗೆ ಅವರ ಸಹಿ ತೆಗೆದುಕೊಳ್ಳಿ. ಐದು ಸಾವಿರ ರೂಪಾಯಿ ಮೀರಿದ ರಸೀದಿಗೆ ಮಾತ್ರ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪು ಬೇಕು, ಆದರೂ ಎರಡು ಸಾವಿರಕ್ಕೂ ಕೇಳುವ ಗುಮಾಸ್ತರಿದ್ದಾರೆ. ಒಂದು ಅಂಟಿಸಿಬಿಡಿ, ವಾದ ಮಾಡುವುದಕ್ಕಿಂತ ಅದು ಅಗ್ಗ. ನ್ಯಾಕ್ ಮೌಲ್ಯಮಾಪನದ ಕಡತಕ್ಕೆ ಬೇಕಾದ ಜಿಯೋಟ್ಯಾಗ್ ಫೋಟೊ, ವಿದ್ಯಾರ್ಥಿಗಳ ಸಹಿ ಪಟ್ಟಿ, ಒಂದು ಪುಟದ ವರದಿಯನ್ನು ಅದೇ ಸಂಜೆ ಮುಗಿಸಿ.

ಬಿಲ್ಲು ಮರುದಿನವೇ ಕಚೇರಿಗೆ ಹೋಗಲಿ. ಹದಿನೈದು ದಿನ ಎಂದು ಹೇಳಿ ಇಪ್ಪತ್ತಾದರೆ, ಅವರು ಕೇಳುವ ಮೊದಲೇ ಫೋನ್ ಮಾಡಿ ತಡ ಎಲ್ಲಿ ಆಗಿದೆ ಎಂದು ತಿಳಿಸಿ. ಹಣ ಜಮೆಯಾದ ದಿನ ಮೊತ್ತ ಮತ್ತು ವರ್ಗಾವಣೆಯ ಸಂಖ್ಯೆಯನ್ನು ಅವರಿಗೆ ಮೆಸೇಜು ಮಾಡಿ.