ತಂದೂರಿ ಚಹಾ ಅಂಗಡಿ ಹಾಕೋ ಮುಂಚೆ ನೋಡ್ಬೇಕಾದ ಲೆಕ್ಕ

ಶಿವಮೊಗ್ಗದಲ್ಲಿ ಹೊಸ ಥರದ ತಿಂಡಿ, ಚಹಾದ ಅಂಗಡಿ ಒಂದು ಓಪನ್ ಆಗಿ ರಶ್ ಆಯ್ತು ಅಂದ್ರೆ ಸಾಕು, ನಾವೂ ಒಂದು ಹಾಕೋಣ ಅನ್ನೋರು ಹತ್ತು ಜನ ಹುಟ್ಕೋತಾರೆ. ದುಡ್ಡು ಹಾಕೋ ಮುಂಚೆ ಇದು ವರ್ಷದೊಳಗೆ ಮುಗಿಯೋ ಹವಾನಾ ಅಂತ ನೋಡೋದು ಹೇಗೆ?

ಮೊದಲು, ಈ ಬಿಸಿನೆಸ್‌ಗೆ ದುಡ್ಡು ಯಾರ ಜೇಬಿಂದ ಬರ್ತಿದೆ ನೋಡಿ. ಮಲೆನಾಡಿನವರಿಗೆ ವೆನಿಲ್ಲಾ ನೆನಪಿರುತ್ತೆ. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಹೊಡೆದು ಅಲ್ಲಿನ ಬೆಳೆ ಹಾಳಾಯ್ತು, ರೇಟ್ ಏರ್ತಾ ಹೋಗಿ 2003ರ ಹೊತ್ತಿಗೆ ಇಲ್ಲಿ ಹಸಿ ಕೋಡು ಕೆಜಿಗೆ ಮೂರು ಸಾವಿರ ದಾಟ್ತು, ಅಡಿಕೆ ತೋಟದಲ್ಲೆಲ್ಲ ಬಳ್ಳಿ ಹಬ್ಬಿಸಿದ್ರು. ಆದ್ರೆ ನೆಟ್ಟ ಬಳ್ಳಿ ಕೋಡು ಬಿಡೋಕೆ ಮೂರು ವರ್ಷ ಬೇಕು, ಹಾಗಾಗಿ ಅಷ್ಟರೊಳಗೆ ಸುಮಾರು ಜನ ದುಡಿದಿದ್ದು ಬಳ್ಳಿ ತುಂಡು ಮಾರಿ, ಅಂದ್ರೆ ಮುಂದೆ ಬೆಳೆಯೋರಿಗೆ ಮಾರಿ. ಅತ್ತ ಮಡಗಾಸ್ಕರ್‌ನಲ್ಲಿ ಮತ್ತೆ ಬೆಳೆ ಬಂತು, ಐಸ್‌ಕ್ರೀಮ್ ಕಂಪನಿಯವರು ಕೃತಕ ವೆನಿಲಿನ್ ಕಡೆ ತಿರುಗಿದ್ರು, ರೇಟ್ ನೆಲ ಕಚ್ತು. ಚಹಾದಲ್ಲೂ ಹೀಗೇ ಕೇಳಿ: ಫ್ರಾಂಚೈಸಿ ಕೊಡೋರು ದುಡಿಯೋದು ಚಹಾ ಮಾರಿನಾ, ಇಲ್ಲ ನಿಮ್ಮಂಥ ಹೊಸಬರು ಕೊಡೋ ಫೀಸಿಂದನಾ? ಫೀಸೇ ಜಾಸ್ತಿ ಅಂದ್ರೆ ಅಲ್ಲೇ ನಿಲ್ಲಿಸಿ ಮಾರಾಯ್ರೆ.

ಎರಡನೇದು, ಓಪನ್ ಆಗಿ ಮೂರು ನಾಲ್ಕು ತಿಂಗಳಾದ ಒಂದು ಅಂಗಡಿ ಹುಡುಕಿ. ಭಾನುವಾರ ಬೇಡ, ಮಂಗಳವಾರ ಸಂಜೆ ಹೋಗಿ ನಿಂತ್ಕೊಳಿ. ಕೆಂಡದಲ್ಲಿ ಕಾಯಿಸಿದ ಕುಡಿಕೆಗೆ ಚಹಾ ಸುರಿದಾಗ ಬುಸ್ಸಂತ ಉಕ್ಕುತ್ತಲ್ಲ, ಆಗ ಬಂದೋರು ಏನ್ ಮಾಡ್ತಾರೆ ನೋಡಿ. ಎಲ್ಲರೂ ಮೊಬೈಲ್ ಎತ್ತಿ ವಿಡಿಯೋ ಮಾಡ್ತಿದ್ರೆ ಅವ್ರು ಮೊದಲನೇ ಸಲ ಬಂದೋರು, ವಿಡಿಯೋ ಆದ್ಮೇಲೆ ಮತ್ತೆ ಬರೋದು ಡೌಟು. ಮೊಬೈಲ್ ತೆಗೀದೆ "ಒಂದು ಸ್ಟ್ರಾಂಗ್, ಸಕ್ಕರೆ ಕಮ್ಮಿ" ಅನ್ನೋರು ಎಷ್ಟಿದಾರೆ, ಅಂಗಡಿಯವ್ನಿಗೆ ಅವ್ರ ಮುಖ ಪರಿಚಯ ಇದ್ಯಾ, ಅದನ್ನ ಎಣಿಸಿ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಗುರುತು ಇದೇ.

ಆಮೇಲೆ ಲೆಕ್ಕ. ಉದಾಹರಣೆಗೆ ಐದು ಲಕ್ಷ ಹಾಕಿದ್ರಿ, ಕಪ್‌ಗೆ 30 ರೂಪಾಯಿ, ಹಾಲು, ಚಹಾಪುಡಿ, ಕುಡಿಕೆ ಎಲ್ಲ ಸೇರಿ ಖರ್ಚು 12, ಉಳಿಯೋದು 18. ಬಾಡಿಗೆ, ಸಂಬಳ ತಿಂಗಳಿಗೆ 35 ಸಾವಿರ ಅಂತಿಟ್ಕೊಳಿ. ತಿಂಗಳಿಗೆ 26 ದಿನ, ದಿನಕ್ಕೆ 150 ಕಪ್ ಹೋದ್ರೆ ಕೈಗೆ 35 ಸಾವಿರ ಸಿಗುತ್ತೆ, ಆದ್ರೂ ಬಂಡವಾಳ ವಾಪಸ್ ಬರೋಕೆ ಹದಿನಾಲ್ಕು ತಿಂಗಳು ದಾಟುತ್ತೆ. 75ಕ್ಕೆ ಇಳಿದ್ರೆ ಸೊನ್ನೆ. ಹವಾ ಒಂದು ವರ್ಷದ್ದು, ಬಂಡವಾಳ ಬರೋದು ಹದಿನಾಲ್ಕು ತಿಂಗಳಿಗೆ ಅಂದ್ರೆ ಹೊಸ ಅಂಗಡಿಗಳು ಬರ್ದೇ ಇದ್ರೂ ಲಾಸೇ, ಇನ್ನು ಪಕ್ಕದ ರೋಡಲ್ಲಿ ಇನ್ನೆರಡು ಅಂಗಡಿ ಶುರುವಾದ್ರೆ ಕೇಳೋದೇ ಬೇಡ.

ಇಷ್ಟು ನೋಡಿದ್ಮೇಲೂ ಮಾಡ್ಲೇಬೇಕು ಅಂತಿದ್ರೆ ಫ್ರಾಂಚೈಸಿ ಬಿಟ್ಟು, ಈಗಾಗ್ಲೇ ನಡೀತಿರೋ ಹೋಟೆಲ್ ಮುಂದೆ ಒಂದು ಮೂಲೆ ಬಾಡಿಗೆಗೆ ಕೇಳಿ. ಸಾಮಾನು ಸೆಕೆಂಡ್‌ಹ್ಯಾಂಡ್ ತಗೊಳಿ, ಅಡ್ವಾನ್ಸ್ ಆದಷ್ಟು ಕಮ್ಮಿ ಇರ್ಲಿ, ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಅಂತ ಅಗ್ರಿಮೆಂಟಲ್ಲೇ ಬರೆಸ್ಕೊಳಿ.