ಕಾಚಂಪುಳಿ ಟೈಟ್ರೇಷನ್: 'ಸ್ಟ್ರಾಂಗ್' ಅನ್ನೋ ಮಾತನ್ನು ಅಳೆಯೋ ಮಾತಾಗಿ ಮಾಡಿದ್ದು

ಮಡಿಕೇರಿ ಹತ್ತಿರದ ಶಾಲೆಯೊಂದರಲ್ಲಿ ನಾನು ವಿಜ್ಞಾನ ಮೇಷ್ಟ್ರು. ಕಾಚಂಪುಳಿ ಅಂದರೆ ಹಣ್ಣಿನ ರಸ ಕಾಯಿಸಿ ಬತ್ತಿಸಿದ, ಕೊಡಗಿನ ಅಡುಗೆಯ ಹುಳಿ. ಟೈಟ್ರೇಷನ್ ಅಂದರೆ ಬ್ಯುರೆಟ್ ಅನ್ನೋ ಗೆರೆ ಹಾಕಿದ ಗಾಜಿನ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ಬದಲಾಗುವಷ್ಟರಲ್ಲಿ ಎಷ್ಟು ಹಿಡಿಯಿತು ಅಂತ ನೋಡಿ ಆಮ್ಲ ಅಳೆಯೋದು. ಈ ಟೈಟ್ರೇಷನ್ ಪ್ರಾಜೆಕ್ಟಿಗೆ ಒಬ್ಬಳು ಹುಡುಗಿ ಬರೆದು ತಂದಿದ್ದು ಒಂದೇ ಸಾಲು: 'ಮನೆಯಲ್ಲಿ ಕಾಯಿಸಿದ ಕಾಚಂಪುಳಿ ಅಂಗಡಿಯದಕ್ಕಿಂತ ಸ್ಟ್ರಾಂಗ್.'

ನಾನು ಕೇಳಿದ್ದು ಒಂದೇ ಪ್ರಶ್ನೆ. ಯಾವ ಫಲಿತಾಂಶ ಬಂದರೆ ನೀನು ಇದು ತಪ್ಪು ಅಂತ ಒಪ್ಪುತ್ತೀಯ? ಅವಳು ತಕ್ಷಣ ಹೇಳಿದಳು, "ಅಂಗಡಿಯದು ಜಾಸ್ತಿ ಬಂದರೆ ಅವರು ವಿನೆಗರ್ ಬೆರೆಸಿರ್ತಾರೆ ಸರ್." ತೊಂದರೆ ಇಲ್ಲೇ ಇದೆ. ಏನೇ ಬಂದರೂ ಊಹೆ ಉಳಿದುಕೊಳ್ಳುತ್ತದೆ.

ಮೊದಲು 'ಸ್ಟ್ರಾಂಗ್' ಅನ್ನೋದನ್ನು ಬಿಡಿಸಿದೆವು. ಗಟ್ಟಿಯೇ, ಕಪ್ಪೇ, ನಾಲಿಗೆಗೆ ಹುಳಿಯೇ? ಟೈಟ್ರೇಷನ್ ಇದ್ಯಾವುದನ್ನೂ ಹೇಳುವುದಿಲ್ಲ. ಒಟ್ಟು ಎಷ್ಟು ಆಮ್ಲ ಇದೆ ಅಂತ ಮಾತ್ರ ಹೇಳುತ್ತದೆ, ಅದು ಹಣ್ಣಿನದೋ ವಿನೆಗರಿನದೋ ಅಂತ ಬೇರೆ ಮಾಡುವುದಿಲ್ಲ. ಹಾಗಾಗಿ ಆಮ್ಲ ಎಲ್ಲಿಂದ ಬಂತು ಅನ್ನೋದು ಈ ಊಹೆಗೆ ಸೇರಿದ್ದಲ್ಲ ಅಂತ ಮೊದಲೇ ಬರೆದುಕೊಂಡೆವು. ಬೆರಕೆಯ ನೆಪಕ್ಕೆ ಅಲ್ಲಿಗೆ ಬಾಗಿಲು ಮುಚ್ಚಿತು.

ಕಾಚಂಪುಳಿ ಪಾಕದ ಹಾಗೆ ಅಂಟುತ್ತದೆ, ಪಿಪೆಟ್‌ನಲ್ಲಿ ಎಳೆದರೆ ಒಳಗೆಲ್ಲ ಮೆತ್ತಿಕೊಂಡು ಅಳತೆ ಕೆಡುತ್ತದೆ. ಅದಕ್ಕೇ ತೂಕ ಮಾಡಿದೆವು. 5 ಗ್ರಾಂ ತೆಗೆದು ನೀರು ಸೇರಿಸಿ 250 ಮಿ.ಲೀ. ಮಾಡಿ, ಅದರಲ್ಲಿ 25 ಮಿ.ಲೀ. ಫ್ಲಾಸ್ಕಿಗೆ. ಇಷ್ಟು ತೆಳು ಮಾಡದಿದ್ದರೆ, ಆಮ್ಲ ಮುಗಿದಾಗ ಮೂಡುವ ಫಿನಾಫ್ತಲೀನ್‌ನ ತಿಳಿ ಗುಲಾಬಿ ಆ ಕಂದು ಬಣ್ಣದಲ್ಲಿ ಕಾಣುವುದೇ ಇಲ್ಲ. ಪಕ್ಕದಲ್ಲಿ ಫಿನಾಫ್ತಲೀನ್ ಹಾಕದ ಇನ್ನೊಂದು ಫ್ಲಾಸ್ಕ್ ಇಟ್ಟು, ಬಿಳಿ ಹಾಳೆಯ ಮೇಲೆ ಹೋಲಿಸಿ ನೋಡಬೇಕು. ಒಂದೇ ದ್ರಾವಣಕ್ಕೆ ಇಬ್ಬರು ಮಕ್ಕಳ ರೀಡಿಂಗ್ ದೂರ ದೂರ ಬಂದರೆ, ಬಣ್ಣ ಸರಿಯಾಗಿ ಕಾಣ್ತಿಲ್ಲ ಅಂತಲೇ ಅರ್ಥ.

ಇನ್ನು 'ಜಾಸ್ತಿ' ಅಂದರೆ ಎಷ್ಟು? ನಮ್ಮ ಬ್ಯುರೆಟ್‌ನಲ್ಲಿ 0.1 ಮಿ.ಲೀ. ಗೆರೆಗಳಿವೆ, ಒಂದೇ ಮಾದರಿಯ ರೀಡಿಂಗ್‌ಗಳೇ ಅಷ್ಟು ಆಚೀಚೆ ಆಗುತ್ತವೆ, ತೂಕದಲ್ಲೂ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ಅದಕ್ಕೆ 0.5 ಮಿ.ಲೀ. ಅಂತ ಗಡಿ ಇಟ್ಟೆವು. ಬ್ಯುರೆಟ್ ತುಂಬುವ ಮೊದಲೇ ಇಡಬೇಕು, ಅಂಕಿ ನೋಡಿದ ಮೇಲೆ ಇಟ್ಟ ಗಡಿ ನಮಗೆ ಬೇಕಾದ ಕಡೆಗೇ ಸರಿಯುತ್ತದೆ, ಅಲ್ವಾ?

ಕೊನೆಗೆ ಅವಳು ಬರೆದದ್ದು: 'ಈ ಎರಡು ಬಾಟಲಿಗಳಿಂದ ಹೀಗೆ ತಯಾರಿಸಿದ 25 ಮಿ.ಲೀ. ದ್ರಾವಣಕ್ಕೆ, ಮನೆಯದು ಅಂಗಡಿಯದಕ್ಕಿಂತ ಕನಿಷ್ಠ 0.5 ಮಿ.ಲೀ. ಜಾಸ್ತಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ನನ್ನ ಊಹೆ ತಪ್ಪು.' 'ಈ ಎರಡು ಬಾಟಲಿ' ಅನ್ನೋದನ್ನು ನಾನು ಹಟ ಹಿಡಿದು ಸೇರಿಸಿದೆ. ಒಂದು ಮನೆಯ ಬಾಟಲಿ ಇಡೀ ಕೊಡಗಿನ ಪರವಾಗಿ ಮಾತಾಡಲಾರದು. ಟೈಟ್ರೇಷನ್ ಮಾಡುವವರಿಗೆ ಯಾವುದು ಯಾವುದು ಅಂತ ಗೊತ್ತಾಗದಂತೆ ಬೇರೊಬ್ಬ ಹುಡುಗ ಅ, ಆ ಅಂತ ಚೀಟಿ ಅಂಟಿಸಿದ.

ಮನೆಯದು 14.2, ಅಂಗಡಿಯದು 13.9. "ಜಾಸ್ತಿನೇ ಇದೆಯಲ್ಲ ಸರ್" ಅಂದಳು. ವ್ಯತ್ಯಾಸ 0.3, ಗಡಿ 0.5, ಊಹೆ ಬಿತ್ತು. ಎರಡೂ ಒಂದೇ ಅಂತಲೂ ಇದರಿಂದ ಹೇಳಲಾಗದು, ಅವಳು ಹೇಳಿದಷ್ಟು ವ್ಯತ್ಯಾಸ ಸಿಗಲಿಲ್ಲ ಅಂತ ಮಾತ್ರ. ರಿಪೋರ್ಟಿನಲ್ಲಿ ಹಾಗೇ ಬರೆಸಿದೆ. ಈಗ ಒಂದೇ ರಸವನ್ನು ಅರ್ಧಕ್ಕೆ ಮತ್ತು ಕಾಲು ಭಾಗಕ್ಕೆ ಬತ್ತಿಸಿ ಹೋಲಿಸುವ ಯೋಚನೆಯಲ್ಲಿದ್ದಾಳೆ, ಗಡಿ ಎಷ್ಟಿಡಬೇಕು ಅಂತ ಲೆಕ್ಕ ಹಾಕುತ್ತಿದ್ದಾಳೆ.