ಭುಜದ ಪ್ರೆಸ್‌ನಲ್ಲಿ ಹಿಂದಕ್ಕೆ ವಾಲುತ್ತೀರಾ?

ಜಯನಗರದ ನಮ್ಮ ಜಿಮ್‌ನಲ್ಲಿ ಒಬ್ಬರು ಬೆಂಚಿಗೆ ಒರಗಿ ಕುಳಿತು 40 ಕೆ.ಜಿ. ಬಾರನ್ನು ತಲೆಯ ಮೇಲಕ್ಕೆ ಎತ್ತುತ್ತಾರೆ; ನಿಂತರೆ 30 ಕೂಡ ಕಷ್ಟ. ಪಕ್ಕದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಭಾರ ಹೆಚ್ಚಾದಂತೆ ಅವರ ಸೊಂಟ ಸೀಟಿನಲ್ಲಿ ಮುಂದಕ್ಕೆ ಜಾರಿ, ಎದೆ ಚಾವಣಿಯತ್ತ ತಿರುಗುತ್ತದೆ. ಆಗ ಅದು ಓರೆ ಬೆಂಚಿನಲ್ಲಿ ಮಾಡುವ ಎದೆಯ ಪ್ರೆಸ್‌ನಂತಾಗಿ, ಎದೆಯ ಮೇಲ್ಭಾಗದ ಸ್ನಾಯು ಭುಜದ ಕೆಲಸವನ್ನು ಹಂಚಿಕೊಳ್ಳುತ್ತದೆ. ಹೆಚ್ಚಿನ ಕಿಲೋಗಳು ಬರುವುದು ಬಹುಪಾಲು ಅಲ್ಲಿಂದಲೇ!

ನಿಂತು ವಾಲಿದಾಗಲೂ ಎದೆ ಸೇರಿಕೊಳ್ಳುತ್ತದೆ, ಆದರೆ ಒರಗಲು ಏನೂ ಇಲ್ಲದ ಕಾರಣ ಬಾಗಿದ ಕೆಳಬೆನ್ನೇ ಭಾರ ಹೊರಬೇಕು. ಸೆಟ್ ಮುಗಿದ ಮೇಲೆ ಭುಜಕ್ಕಿಂತ ಸೊಂಟ ಹೆಚ್ಚು ಬಿಗಿದಿದ್ದರೆ ಅದೇ ಸುಳಿವು.

ನಿಲ್ಲುವಾಗ ಪೃಷ್ಠವನ್ನು ಬಿಗಿಹಿಡಿದು, ಹೊಟ್ಟೆ ಗಟ್ಟಿ ಮಾಡಿ, ಪಕ್ಕೆಲುಬುಗಳನ್ನು ಕೆಳಗಿಳಿಸಿ. ಬಾರ್‌ಗೆ ದಾರಿ ಬಿಡಲು ಗದ್ದವನ್ನಷ್ಟೇ ಹಿಂದಕ್ಕೆಳೆದುಕೊಳ್ಳಿ. ಬಾರ್ ಹಣೆ ದಾಟಿದೊಡನೆ ತಲೆಯನ್ನು ಮುಂದಕ್ಕೆ ತನ್ನಿ. ಕೂರುವವರು ಬೆಂಚಿನ ಒರಗನ್ನು ನೇರಕ್ಕಿಂತ ಒಂದು ಹಂತ ಮಾತ್ರ ಹಿಂದಕ್ಕಿಟ್ಟು, ಸೊಂಟವನ್ನು ಸೀಟು ಮತ್ತು ಒರಗು ಸೇರುವ ಮೂಲೆಗೆ ಒತ್ತಿ ಕೂರಲಿ. ಅತ್ಯಲ್ಪ ವಾಲಿಕೆ ಸಹಜ; ಎತ್ತುವ ನಡುವೆ ಅದು ಹೆಚ್ಚುತ್ತಾ ಹೋದರೆ 5 ಕೆ.ಜಿ. ಇಳಿಸಿ. ಕನ್ನಡಿ ಎದುರಿನಿಂದ ಇದನ್ನು ತೋರಿಸುವುದಿಲ್ಲ, ಪಕ್ಕದಿಂದ ವಿಡಿಯೊ ಮಾಡಿಸಿಕೊಳ್ಳಿ.